ಉಪಕಾರದಿಂದ ಶುರುವಾಗುವ ಲೆಕ್ಕ

1522ರ ಮಾರ್ಚ್ ತಿಂಗಳು. ಸ್ಪೇನಿನ ಮೊಂಟ್ಸೆರಾಟ್ ಬೆಟ್ಟದ ಮಠಕ್ಕೆ ಮೂವತ್ತರ ಆಸುಪಾಸಿನ ಒಬ್ಬ ಸೈನಿಕ ಬಂದ. ಹಿಂದಿನ ವರ್ಷ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವನ ಕಾಲು ಮುರಿದಿತ್ತು. ಮೂಳೆ ಕೂಡಿದ್ದರೂ ನಡಿಗೆ ಕುಂಟು. ಅವನು ಮಠದ ಗುರುವಿನ ಮುಂದೆ ಪಾಪನಿವೇದನೆಗೆ ಕೂತ. ಇಡೀ ಬದುಕಿನ ತಪ್ಪುಗಳನ್ನು ಕಾಗದದಲ್ಲಿ ಬರೆದು ಒಪ್ಪಿಸಿದ ಆ ನಿವೇದನೆ ಮೂರು ದಿನ ನಡೆಯಿತು. ಕತ್ತಿ, ಬಾಕು ಎರಡನ್ನೂ ದೇವಮಾತೆಯ ಪೀಠದ ಬಳಿ ಬಿಟ್ಟು, ಮೈಮೇಲಿನ ಬೆಲೆಬಾಳುವ ಬಟ್ಟೆಯನ್ನು ಭಿಕ್ಷುಕನಿಗೆ ಕೊಟ್ಟು, ಅಲ್ಲಿಂದ ಮನ್ರೇಸಾ ಎಂಬ ಊರಿಗೆ ಹೊರಟ.

ಅಲ್ಲಿಗೆ ಲೆಕ್ಕ ಚುಕ್ತಾ ಆಗಬೇಕಿತ್ತು. ಆಗಲಿಲ್ಲ. ಹೇಳಿದ್ದರಲ್ಲಿ ಏನೋ ಬಿಟ್ಟುಹೋಗಿದೆ ಎಂಬ ಅನುಮಾನ ಶುರುವಾಯಿತು. ಮತ್ತೆ ಗುರುವಿನ ಬಳಿ ಹೋದ, ಮತ್ತೆ ಹೇಳಿದ, ಹೇಳಿದಷ್ಟೂ ಹೊಸದೊಂದು ನೆನಪಾಗುತ್ತಿತ್ತು. ದಿನಕ್ಕೆ ಏಳು ಗಂಟೆ ಮಂಡಿಯೂರಿ ಪ್ರಾರ್ಥಿಸಿದರೂ ಸಮಾಧಾನ ಇಲ್ಲ. ಒಂದು ಹಂತದಲ್ಲಂತೂ, ತಾನಿದ್ದ ಕೋಣೆಯಲ್ಲಿದ್ದ ದೊಡ್ಡ ಕಿಂಡಿಯಿಂದ ಕೆಳಗೆ ಹಾರಿ ಪ್ರಾಣ ಬಿಡಬೇಕು ಅನ್ನಿಸುತ್ತಿತ್ತೆಂದು ಮುಂದೆ ಮುದಿವಯಸ್ಸಿನಲ್ಲಿ ಅವನೇ ಶಿಷ್ಯನೊಬ್ಬನಿಗೆ ಹೇಳಿ ಬರೆಸಿದ್ದಾನೆ. ಕೊನೆಗೆ ಅವನು ಹೊರಬಂದದ್ದು ಇನ್ನೊಂದು ಪಟ್ಟಿ ಬರೆದಲ್ಲ. ಹಳೆಯದನ್ನು ಇನ್ನು ಮುಂದೆ ಎತ್ತುವುದೇ ಇಲ್ಲ ಎಂದು ನಿಶ್ಚಯಿಸಿ.

ಆ ಸೈನಿಕನೇ ಲೊಯೋಲಾದ ಇಗ್ನೇಷಿಯಸ್. ಮುಂದೆ ಯೇಸು ಸಭೆಯನ್ನು, ಅಂದರೆ ನಾವು ಜೆಸ್ವಿಟರು ಎಂದು ಕರೆಯುವ ಗುರುಗಳ ಸಂಸ್ಥೆಯನ್ನು ಕಟ್ಟಿದವರು. ಮನ್ರೇಸಾದಲ್ಲಿ ಶುರುವಾದ ಅವರ ಟಿಪ್ಪಣಿಗಳೇ ಬೆಳೆದು 'ಆಧ್ಯಾತ್ಮಿಕ ಸಾಧನೆಗಳು' ಎಂಬ ಪುಟ್ಟ ಪುಸ್ತಕವಾಗಿ 1548ರಲ್ಲಿ ಪೋಪ್ ಮೂರನೆಯ ಪೌಲರ ಒಪ್ಪಿಗೆ ಪಡೆದವು. ಅದರಲ್ಲಿ ಅರ್ಧ ಪುಟವನ್ನೂ ತುಂಬದ ಐದು ಅಂಶಗಳ ಒಂದು ಪ್ರಾರ್ಥನೆಯಿದೆ. ಒಬ್ಬರೇ ಕೂತು ಮಾಡುವ ಆತ್ಮಪರೀಕ್ಷೆ ಅದು. ದಿನದ ಕೊನೆಗೆಂದು ಹುಟ್ಟಿದ್ದನ್ನು ಇಂದು ಅನೇಕರು ವರ್ಷದ ಕೊನೆಗೂ ಹಿಗ್ಗಿಸಿಕೊಂಡಿದ್ದಾರೆ. ತಪ್ಪಿನ ಲೆಕ್ಕ ಹಾಕಿ ಹಾಕಿ ಸಾವಿನ ಅಂಚಿಗೆ ಹೋಗಿ ಬಂದವನು ಕಟ್ಟಿದ ಲೆಕ್ಕದ ಕ್ರಮ ಎಂಬ ಕಾರಣಕ್ಕೇ ಅದನ್ನು ಗಮನವಿಟ್ಟು ನೋಡಬೇಕು.

ಡಿಸೆಂಬರ್ 31ರ ಸಂಜೆ ಚರ್ಚುಗಳಲ್ಲಿ ಸಾಮೂಹಿಕ ಪ್ರಾರ್ಥನೆಗೇನೂ ಕೊರತೆಯಿಲ್ಲ. ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಪೋಪರ ಮುಂದಾಳ್ತನದಲ್ಲಿ 'ತೇ ದೇಯುಂ' ಎಂಬ ಪುರಾತನ ಸ್ತುತಿಗೀತೆ ಹಾಡುತ್ತಾರೆ. ನಮ್ಮಲ್ಲೂ ಕಥೋಲಿಕ ಚರ್ಚುಗಳಲ್ಲಿ ಕೃತಜ್ಞತಾ ಬಲಿಪೂಜೆ ಇರುತ್ತದೆ, ಪ್ರೊಟೆಸ್ಟೆಂಟ್ ಸಭೆಗಳಲ್ಲಿ ರಾತ್ರಿ ಆರಾಧನೆ ನಡೆಯುತ್ತದೆ. ಆದರೆ ಅಲ್ಲಿ ಪ್ರಾರ್ಥನೆಯ ಮಾತುಗಳು ಎಲ್ಲರವು. ಜೂನ್ ತಿಂಗಳ ಒಂದು ಬೆಳಿಗ್ಗೆ ತರಗತಿಯಲ್ಲಿ ತಾನು ಆಡಿದ ಮಾತನ್ನು ಯಾರೂ ಅಲ್ಲಿ ಮೈಕಿನಲ್ಲಿ ಹೇಳುವುದಿಲ್ಲ. ಅದಕ್ಕೆ ಒಂಟಿ ಕುರ್ಚಿಯೇ ಬೇಕು.

ಇಗ್ನೇಷಿಯಸರ ಐದು ಮೆಟ್ಟಿಲು ಹೀಗಿವೆ. ಪಡೆದ ಉಪಕಾರಗಳಿಗೆ ದೇವರಿಗೆ ವಂದನೆ ಹೇಳುವುದು ಮೊದಲನೆಯದು. ತನ್ನ ತಪ್ಪುಗಳನ್ನು ಕಾಣುವ ವರವನ್ನು ಬೇಡುವುದು ಎರಡನೆಯದು. ಆಮೇಲೆ ಎದ್ದ ಗಳಿಗೆಯಿಂದ ಈ ಗಳಿಗೆಯವರೆಗಿನ ಹೊತ್ತನ್ನು ಒಂದೊಂದಾಗಿ ತಿರುವಿ ಯೋಚನೆ, ಮಾತು, ಕೃತಿಗಳನ್ನು ನೋಡುವುದು. ಬಳಿಕ ಕ್ಷಮೆ ಕೇಳುವುದು. ಕೊನೆಗೆ, ದೇವರ ಕೃಪೆಯಿಂದ ತಿದ್ದಿಕೊಳ್ಳುವ ಸಂಕಲ್ಪ. ಮುಕ್ತಾಯಕ್ಕೆ ಪ್ರಭು ಕಲಿಸಿದ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆ.

ಇದರಲ್ಲಿ ಜನ ಸಾಮಾನ್ಯವಾಗಿ ಹಾರಿಸಿಬಿಡುವುದು ಮೊದಲೆರಡು ಮೆಟ್ಟಿಲುಗಳನ್ನು. ವರ್ಷದ ಕೊನೆಯ ರಾತ್ರಿ ಕಣ್ಣು ಮುಚ್ಚಿದ ಕೂಡಲೇ ಮನಸ್ಸು ನೇರವಾಗಿ ಮೂರನೆಯದಕ್ಕೆ, ಅದೂ ಅತಿ ಕೆಟ್ಟ ದಿನಕ್ಕೆ ಹೋಗಿ ನಿಲ್ಲುತ್ತದೆ. ಇಗ್ನೇಷಿಯಸ್ ಇದನ್ನು ಬಲ್ಲವರು. 1542ರಲ್ಲಿ ಪೋರ್ಚುಗಲ್‌ನಲ್ಲಿದ್ದ ಸಂಗಾತಿ ಸಿಮಾವೊ ರೊಡ್ರಿಗಸ್‌ಗೆ ಬರೆದ ಪತ್ರದಲ್ಲಿ ಅವರು ಉಪಕಾರ ಮರೆಯುವುದನ್ನೇ ಎಲ್ಲ ಪಾಪಗಳ ಮೂಲ ಎನ್ನುತ್ತಾರೆ. ಅವರ ದೃಷ್ಟಿಯಲ್ಲಿ ಮೊದಲ ಮೆಟ್ಟಿಲು ಸೌಜನ್ಯದ ಪೀಠಿಕೆಯಲ್ಲ. ಕೊಟ್ಟವನ ಮುಖ ಕಂಡ ಮೇಲಷ್ಟೇ ಪಡೆದವನಿಗೆ ತಾನೆಲ್ಲಿ ತಪ್ಪಿದೆ ಎಂಬುದು ಸರಿಯಾದ ಅಳತೆಯಲ್ಲಿ ಕಾಣುತ್ತದೆ.

ಎರಡನೆಯ ಮೆಟ್ಟಿಲೂ ಅಷ್ಟೇ ಜಾಣತನದ್ದು. ತನ್ನ ತಪ್ಪನ್ನು ತಾನೇ ಕಂಡುಹಿಡಿಯಬಲ್ಲೆ ಎಂದು ಹೊರಟವನು ಒಂದೋ ಏನನ್ನೂ ಕಾಣುವುದಿಲ್ಲ, ಇಲ್ಲವೇ ಮನ್ರೇಸಾದ ಸೈನಿಕನಂತೆ ಎಲ್ಲೆಲ್ಲೂ ಅದನ್ನೇ ಕಾಣುತ್ತಾನೆ. ಕಾಣಿಸು ಎಂದು ಬೇಡಿದವನು ಕಂಡಷ್ಟಕ್ಕೆ ನಿಲ್ಲಬಹುದು.

ಈ ಪ್ರಾರ್ಥನೆ ಕರ್ನಾಟಕಕ್ಕೆ ಹೊಸದಲ್ಲ. ಇಟಲಿಯ ಜೆಸ್ವಿಟ್ ಗುರುಗಳ ಮೊದಲ ತಂಡ ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ 31ರಂದು, ಸರಿಯಾಗಿ ವರ್ಷದ ಕೊನೆಯ ದಿನ. 1880ರಲ್ಲಿ ಅವರು ಸಂತ ಅಲೋಶಿಯಸ್ ಕಾಲೇಜು ತೆರೆದರು. ದಿನಕ್ಕೆ ಎರಡು ಬಾರಿ ಆತ್ಮಪರೀಕ್ಷೆ ಮಾಡುವುದು ಅವರ ಸಂಸ್ಥೆಯ ನಿಯಮ. ಗುರುಗಳ ಧ್ಯಾನಕೂಟಗಳ ಮೂಲಕ ಅದು ಗೃಹಸ್ಥರ ಮನೆಗಳಿಗೂ ಹೋಯಿತು.

ವರ್ಷಕ್ಕೆ ಹಿಗ್ಗಿಸುವಾಗ ಬರುವ ಮೊದಲ ತೊಡಕು ನೆನಪಿನದು. ಒಂದು ದಿನವನ್ನು ಮನಸ್ಸಿನಲ್ಲೇ ತಿರುವಬಹುದು. 365 ದಿನಗಳನ್ನು ಆಗುವುದಿಲ್ಲ. ನವೆಂಬರ್, ಡಿಸೆಂಬರ್ ತುಂಬಿಕೊಂಡಿರುತ್ತವೆ, ಫೆಬ್ರುವರಿ ಖಾಲಿ. ಅದಕ್ಕೆ ಏನಾದರೂ ದಾಖಲೆ ಬೇಕು. ಡೈರಿ ಇದ್ದವರು ಪುಣ್ಯವಂತರು. ಇಲ್ಲದವರಿಗೆ ಫೋನಿನಲ್ಲಿರುವ ಫೋಟೋಗಳು, ಬ್ಯಾಂಕಿನ ಪಾಸ್‌ಬುಕ್ಕು ಇವೆ. ಎಲ್ಲಕ್ಕಿಂತ ಒಳ್ಳೆಯದು ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಂಟ್ವಾಳದ ಕಡೆಯ ಹೈಸ್ಕೂಲು ಶಿಕ್ಷಕಿ, ವಯಸ್ಸು ನಲವತ್ತೆಂಟು. ಗಂಡ ಇಲ್ಲ, ಮಗಳು ಹೊರಗೆ ಓದುತ್ತಿದ್ದಾಳೆ, ಮನೆಯಲ್ಲಿ ವಯಸ್ಸಾದ ಅಮ್ಮ. ಅಮ್ಮ ಮಲಗಿದ ಮೇಲೆ ಆಕೆ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಹರಡಿಕೊಳ್ಳುತ್ತಾರೆ. ಗ್ಯಾಸ್ ಬಂದ ತಾರೀಖಿಗೆ ಸುತ್ತ ಗೆರೆ, ಹಾಲು ಬೇಡವೆಂದ ದಿನಕ್ಕೆ ಅಡ್ಡಗೀಟು, ಕರೆಂಟು ಬಿಲ್ಲಿನ ಮೊತ್ತ, ಅಮ್ಮನ ಕಣ್ಣಿನ ಡಾಕ್ಟರ ಹೆಸರು, ಎಲ್ಲ ಅಲ್ಲೇ.

ಜನವರಿ 19ರ ಚೌಕದಲ್ಲಿ 'ಅಮ್ಮ ಆಪರೇಷನ್' ಎಂದಿದೆ. ಪೊರೆ ತೆಗೆಸಿದ್ದು. ಅದರ ಬದಿಗೆ ಏನೂ ಬರೆದಿಲ್ಲ. ಆದರೆ ಆ ರಾತ್ರಿ ಅಮ್ಮನಿಗೆ ನೋವು ಹೆಚ್ಚಾದಾಗ ಎದುರುಮನೆಯ ರಿಕ್ಷಾದ ಅಣ್ಣ ಒಂದೇ ಕರೆಗೆ ಎದ್ದು ಬಂದದ್ದು, ಬಾಡಿಗೆ ಕೊಡಹೋದರೆ 'ನಾಳೆ ನೋಡುವ ಟೀಚರ್' ಎಂದು ಹೋದದ್ದು ಈಗ ನೆನಪಾಗುತ್ತದೆ. ಆ ನಾಳೆ ಬಂದಿಲ್ಲ. ಕೃತಜ್ಞತೆಯ ಮೆಟ್ಟಿಲಿನಲ್ಲಿ ಬೇಕಾದದ್ದು ಇಂಥದ್ದೇ. 'ಆರೋಗ್ಯ ಕೊಟ್ಟೆ, ಕುಟುಂಬ ಕೊಟ್ಟೆ' ಎಂಬ ಮಾತು ಯಾರು ಬೇಕಾದರೂ ಯಾವ ವರ್ಷ ಬೇಕಾದರೂ ಹೇಳಬಹುದು. ಅದು ಪ್ರಾರ್ಥಿಸುವವರ ಗಂಟಲಿನಿಂದ ಮೇಲಕ್ಕೆ ಹೋಗುವುದಿಲ್ಲ. ವ್ಯಕ್ತಿ, ತಾರೀಖು, ಆಡಿದ ಮಾತು ಇದ್ದರೆ ಮಾತ್ರ ಅದಕ್ಕೆ ಜೀವ. ಶಿಕ್ಷಕಿ ಹನ್ನೆರಡು ಹಾಳೆ ತಿರುವುತ್ತ ತಿಂಗಳಿಗೆ ಒಂದರಂತೆ ನೆನೆಯುತ್ತಾರೆ. ಮೇ ತಿಂಗಳಿಗೆ ಎಷ್ಟು ಯೋಚಿಸಿದರೂ ಏನೂ ಸಿಗುವುದಿಲ್ಲ, ಬಿಡುತ್ತಾರೆ. ನವೆಂಬರಿನಲ್ಲಿ ಸೊಸೈಟಿಯಲ್ಲಿ ಅಡವಿಟ್ಟಿದ್ದ ಬಳೆ ಬಿಡಿಸಿಕೊಂಡದ್ದಕ್ಕೆ ಇದ್ದುದರಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಆಮೇಲೆ ತಪ್ಪುಗಳು. ಇಲ್ಲಿ ಆಕೆ ಮೊದಲು ಮಾಡಬೇಕಾದ ಕೆಲಸ ತಪ್ಪನ್ನೂ ದುರದೃಷ್ಟವನ್ನೂ ಬೇರೆ ಮಾಡುವುದು. ಅಕ್ಟೋಬರಿನಲ್ಲಿ ವರ್ಗಾವಣೆ ಅರ್ಜಿ ತಿರಸ್ಕಾರವಾಯಿತು. ಅದು ನೋವು, ಪಾಪವಲ್ಲ. ಅದನ್ನು ದೇವರ ಮುಂದೆ ದೂರಾಗಿ ಇಡಬಹುದು, ಕ್ಷಮೆ ಕೇಳಬೇಕಾಗಿಲ್ಲ. ವರ್ಷಾಂತ್ಯದ ಪ್ರಾರ್ಥನೆಯಲ್ಲಿ ಬಹಳ ಜನ ಈ ಎರಡನ್ನು ಕಲಸಿಬಿಡುತ್ತಾರೆ. ಮಗನಿಗೆ ಕೆಲಸ ಸಿಗದ್ದಕ್ಕೆ, ಗರ್ಭ ನಿಲ್ಲದ್ದಕ್ಕೆ, ಬೆಳೆ ಕೊಳೆತದ್ದಕ್ಕೆ ತಾವೇ ಅಪರಾಧಿಗಳೆಂಬಂತೆ ಅಳುತ್ತಾರೆ. ಅಷ್ಟರಲ್ಲಿ ನಿಜವಾಗಿ ತಾವು ಮಾಡಿದ್ದು ನುಸುಳಿಕೊಂಡು ಪಾರಾಗುತ್ತದೆ.

ಶಿಕ್ಷಕಿ ಮಾಡಿದ್ದು ಎರಡು. ಜೂನಿನಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ನೋಟ್‌ಬುಕ್ ತರದಿದ್ದಕ್ಕೆ ಎಲ್ಲರೆದುರು ಅವನ ಅಪ್ಪನ ಕುಡಿತದ ಮಾತೆತ್ತಿದರು. ತರಗತಿ ನಕ್ಕಿತು. ಹುಡುಗ ಶಾಲೆಗೇನೋ ಬರುತ್ತಿದ್ದಾನೆ, ಆದರೆ ಅಂದಿನಿಂದ ಅವರ ಪೀರಿಯಡ್ಡಿನಲ್ಲಿ ಕೈಯೆತ್ತಿಲ್ಲ. ಎರಡನೆಯದು ಸೆಪ್ಟೆಂಬರ್ 8ರದು, ಕರಾವಳಿಯ ಕಥೋಲಿಕರ ಮೊಂತಿ ಹಬ್ಬ, ಮಾತೆ ಮರಿಯಳ ಜನ್ಮದಿನ. ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿಕಾಳನ್ನು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಮನೆಮಂದಿ ಒಟ್ಟಿಗೆ ಉಣ್ಣುವ ದಿನ. ದೂರ ಇರುವವರಿಗೆ ಒಂದೆರಡು ತೆನೆಯನ್ನು ಲಕೋಟೆಯಲ್ಲಿಟ್ಟು ಕಳಿಸುವುದು ರೂಢಿ. ಪ್ರತಿ ವರ್ಷ ಮುಂಬಯಿಯ ತಮ್ಮನಿಗೆ ಹೋಗುತ್ತಿದ್ದ ತೆನೆ ಈ ಸಲ ಹೋಗಲಿಲ್ಲ. ಜಾಗದ ಪಾಲಿನ ವಿಷಯದಲ್ಲಿ ಮಾತು ಬಂದಿತ್ತು. ಲಕೋಟೆಯ ಮೇಲೆ ವಿಳಾಸ ಬರೆದಾಗಿತ್ತು, ಡ್ರಾಯರಿನಲ್ಲೇ ಇದೆ.

ಇನ್ನೂ ಹತ್ತು ತಪ್ಪು ಹುಡುಕಬಹುದಿತ್ತು. ಹುಡುಕಬಾರದು ಎನ್ನುವುದೇ ಮನ್ರೇಸಾದ ಅನುಭವ. ಪಟ್ಟಿ ಉದ್ದವಾದಷ್ಟೂ ಪ್ರತಿಯೊಂದೂ ಮಸುಕಾಗುತ್ತದೆ, ಕೊನೆಗೆ ಉಳಿಯುವುದು 'ನಾನು ಕೆಟ್ಟವಳು' ಎಂಬ ಒಂದು ಮಬ್ಬು. ಆ ಮಬ್ಬಿನಿಂದ ಯಾರಿಗೂ ಒಂದು ಫೋನು ಹೋಗುವುದಿಲ್ಲ. ಪ್ರಾರ್ಥನೆ ಹಾದಿ ತಪ್ಪಿದೆಯೋ ಇಲ್ಲವೋ ತಿಳಿಯುವುದಕ್ಕೆ ಇಗ್ನೇಷಿಯಸರ ಒಂದು ಪರೀಕ್ಷೆ ಇದೆ. ಕಾಲು ಮುರಿದು ಮಲಗಿದ್ದಾಗ ಅವರು ಎರಡು ಬಗೆಯ ಹಗಲುಗನಸು ಕಾಣುತ್ತಿದ್ದರು: ಒಂದು ರಾಜಮನೆತನದ ಹೆಣ್ಣಿನ ಮೆಚ್ಚುಗೆ ಗಳಿಸುವ ಸಾಹಸಗಳದು, ಇನ್ನೊಂದು ಸಂತರಂತೆ ಬರಿಗಾಲಲ್ಲಿ ಜೆರುಸಲೇಮಿಗೆ ಹೋಗುವುದು. ಕಾಣುವಾಗ ಎರಡೂ ಹಿತವೇ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸುತ್ತಿತ್ತು, ಎರಡನೆಯದು ತಂಪಾಗಿಯೇ ಇಡುತ್ತಿತ್ತು. ಮುಗಿದ ಮೇಲೆ ಉಳಿಯುವ ರುಚಿಯಿಂದಲೇ ಗುರುತಿಸು ಎಂಬುದು ಅಲ್ಲಿಂದ ಬಂದ ಪಾಠ. ತಪ್ಪು ನೆನೆದು ಅತ್ತರೂ ಒಳಗೆ ಹಗುರವಾಗಿ ಏನೋ ಮಾಡುವ ಮನಸ್ಸು ಬಂದರೆ ಸರಿ. ಮೂರು ದಿನ ಊಟ ಸೇರದಿದ್ದರೆ ಅದು ಪಶ್ಚಾತ್ತಾಪವಲ್ಲ. ಅಂಥವರು ಒಂಟಿಯಾಗಿ ಪ್ರಾರ್ಥಿಸುವುದನ್ನು ಅಲ್ಲಿಗೆ ನಿಲ್ಲಿಸಿ ಯಾರೊಂದಿಗಾದರೂ ಮಾತಾಡುವುದೇ ಸರಿ. ಇಗ್ನೇಷಿಯಸರನ್ನೂ ಉಪವಾಸ ಬಿಡಿಸಿ ಊಟಕ್ಕೆ ಕೂರಿಸಿದ್ದು ಅವರ ನಿವೇದನೆ ಕೇಳುತ್ತಿದ್ದ ಗುರುವೇ.

ಸಂಕಲ್ಪದ ಮೆಟ್ಟಿಲಿನಲ್ಲಿ ಎಡವಿದವರಲ್ಲಿ ಇಂಗ್ಲೆಂಡಿನ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ ಅವರಷ್ಟು ಪ್ರಾಮಾಣಿಕ ದಾಖಲೆ ಬಿಟ್ಟುಹೋದವರು ಕಡಿಮೆ. 1755ರಲ್ಲಿ ಇಂಗ್ಲಿಷಿನ ಮಹಾ ನಿಘಂಟು ತಂದ ಅದೇ ಜಾನ್ಸನ್. ಅವರು ಆಂಗ್ಲಿಕನ್ ಪಂಥದವರು, ಜೆಸ್ವಿಟರ ಕ್ರಮ ಅವರದಲ್ಲ. ಆದರೆ ಹೊಸವರ್ಷದ ದಿನ, ಈಸ್ಟರಿನಲ್ಲಿ, ಹುಟ್ಟುಹಬ್ಬದಂದು, ಹೆಂಡತಿ ತೀರಿಕೊಂಡ ದಿನದಂದು ಒಬ್ಬರೇ ಕೂತು ಪ್ರಾರ್ಥನೆ ಬರೆಯುತ್ತಿದ್ದರು. ಸಾಯುವ ಮುಂಚೆ ಖಾಸಗಿ ಕಾಗದಗಳನ್ನು ಬಹಳಷ್ಟು ಸುಟ್ಟರೂ ಇವನ್ನು ಪಾದ್ರಿಯಾಗಿದ್ದ ಗೆಳೆಯ ಜಾರ್ಜ್ ಸ್ಟ್ರಾಹನ್ ಕೈಗಿತ್ತರು. 1785ರಲ್ಲಿ ಅವು ಪುಸ್ತಕವಾದವು.

ಆ ಪುಸ್ತಕ ಓದಿದರೆ ನಗುವೂ ಬರುತ್ತದೆ, ಕರುಳೂ ಚುರ್ ಎನ್ನುತ್ತದೆ. ಬೇಗ ಏಳಬೇಕು, ಬೈಬಲ್ ಓದಬೇಕು, ದಿನಚರಿ ಬರೆಯಬೇಕು, ಕುಡಿತ ಕಡಿಮೆ ಮಾಡಬೇಕು, ಸೋಮಾರಿತನ ಬಿಡಬೇಕು: ಇವೇ ಸಂಕಲ್ಪಗಳು ವರ್ಷ ವರ್ಷವೂ ತಿರುಗಿ ಬರುತ್ತವೆ. 1764ರ ಹುಟ್ಟುಹಬ್ಬದಂದು, ಐವತ್ತೈದು ವರ್ಷ ಬರಿಯ ಸಂಕಲ್ಪದಲ್ಲೇ ಕಳೆದೆ, ಮಾಡಿದ್ದು ಏನೂ ಇಲ್ಲ ಎಂಬರ್ಥದಲ್ಲಿ ಬರೆದುಕೊಂಡರು. ಅಷ್ಟು ಹೊತ್ತಿಗೆ ನಿಘಂಟು ಬಂದು ಒಂಬತ್ತು ವರ್ಷವಾಗಿತ್ತು! ಕೃತಜ್ಞತೆಯ ಮೆಟ್ಟಿಲನ್ನು ಬೇಗ ದಾಟಿದವರ ಕಣ್ಣಿಗೆ ನಿಘಂಟೂ ಕಾಣದೆ ಹೋಗಬಹುದು.

ಮರುವರ್ಷದ ಈಸ್ಟರ್ ಹೊತ್ತಿಗೆ ಒಂದು ಬದಲಾವಣೆ ಕಾಣುತ್ತದೆ. ಬೇಗ ಏಳುವೆ ಎಂಬುದನ್ನು ಬಿಟ್ಟು ಎಂಟು ಗಂಟೆಗೆ ಏಳುವೆ ಎಂದು ಬರೆದರು. ಎಂಟು ಬೇಗವೇನಲ್ಲವೆಂದು ಅವರಿಗೂ ಗೊತ್ತು. ಆದರೆ ಎಷ್ಟೋ ದಿನ ಮಧ್ಯಾಹ್ನ ಎರಡರವರೆಗೂ ಮಲಗಿರುತ್ತಿದ್ದವರಿಗೆ ಅದು ದೊಡ್ಡ ಲಾಭವೇ ಎಂಬ ವಿವರಣೆಯನ್ನೂ ಸೇರಿಸಿದರು. ಅದನ್ನೂ ಪೂರ್ತಿ ಪಾಲಿಸಲಿಲ್ಲ, ಆ ಮಾತು ಬೇರೆ. ಇಷ್ಟು ಮುರಿದ ಮೇಲೂ ಮತ್ತೆ ಏಕೆ ಸಂಕಲ್ಪ ಮಾಡಬೇಕು ಎಂದು 1775ರಲ್ಲಿ ತಮ್ಮನ್ನೇ ಕೇಳಿಕೊಂಡು, ತಿದ್ದಿಕೊಳ್ಳುವುದು ಅಗತ್ಯ, ಕೈಚೆಲ್ಲುವುದು ಅಪರಾಧ ಎಂಬರ್ಥದ ಉತ್ತರವನ್ನೂ ಕೊಟ್ಟುಕೊಂಡರು.

ಇಲ್ಲಿ ಇಗ್ನೇಷಿಯಸರ ಕ್ರಮ ಹೆಚ್ಚು ಲೌಕಿಕ ಎನ್ನಬೇಕು. ಅವರ ಪುಸ್ತಕದಲ್ಲಿ ಒಂದೇ ದೋಷವನ್ನು ಹಿಡಿದು ಮಾಡುವ ಇನ್ನೊಂದು ಪರೀಕ್ಷೆ ಇದೆ. ವಾರದ ಏಳು ದಿನಕ್ಕೆ ಏಳು ಗೆರೆಗಳ ಚಿತ್ರವನ್ನೇ ಅಲ್ಲಿ ಅಚ್ಚು ಹಾಕಿದ್ದಾರೆ. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಕೂತು ಆ ದೋಷಕ್ಕೆ ಎಷ್ಟು ಸಲ ಬಿದ್ದೆ ಎಂದು ಗೆರೆಯ ಮೇಲೆ ಅಷ್ಟು ಚುಕ್ಕಿ ಇಡಬೇಕು. ನಿನ್ನೆಗೂ ಇವತ್ತಿಗೂ, ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಬೇಕು. ಬಿದ್ದ ಕೂಡಲೇ ಎದೆಯ ಮೇಲೆ ಕೈಯಿಟ್ಟುಕೊಂಡು ನೆನೆಯಬೇಕು, ಜನರ ನಡುವೆ ಇದ್ದಾಗಲೂ ಯಾರಿಗೂ ಗೊತ್ತಾಗದಂತೆ ಇದನ್ನು ಮಾಡಬಹುದು ಎಂಬ ಸೂಚನೆಯೂ ಇದೆ. ಒಂದು ಸಲಕ್ಕೆ ಒಂದೇ ದೋಷ, ಐದಲ್ಲ.

ಶಿಕ್ಷಕಿ ಆರಿಸಿಕೊಂಡದ್ದು ತರಗತಿಯಲ್ಲಿ ಮಕ್ಕಳ ಮನೆಯ ವಿಷಯ ಎತ್ತದಿರುವುದನ್ನು. 'ಒಳ್ಳೆಯ ಟೀಚರ್ ಆಗುವೆ' ಎಂದು ಹೇಳಿದ್ದರೆ ಜನವರಿಯಲ್ಲಿ ಅದನ್ನು ಅಳೆಯುವ ಬಗೆಯೇ ಇರುತ್ತಿರಲಿಲ್ಲ. ಇದನ್ನಾದರೆ ಸ್ಟಾಫ್ ರೂಮಿಗೆ ಬಂದು ಚುಕ್ಕಿ ಇಡಬಹುದು. ಹುಡುಗನಿಗೂ ತಮ್ಮನಿಗೂ ಮಾಡಬೇಕಾದದ್ದು ಬೇರೆ ಜಾತಿಯದು. ಅದು ತೀರಿಸಬೇಕಾದ ಸಾಲ. ದೇವರ ಹತ್ತಿರ ಕ್ಷಮೆ ಕೇಳಿ ಮುಗಿಸುವಂತಿಲ್ಲ.

ಇಷ್ಟಾದ ಮೇಲೆ ಬಾಯಲ್ಲಿ ಹೇಳುವ ಪ್ರಾರ್ಥನೆ. ಗೆಳೆಯ ಗೆಳೆಯನೊಡನೆ ಮಾತಾಡುವಂತೆ ಮಾತಾಡು ಎಂದಿದ್ದಾರೆ ಇಗ್ನೇಷಿಯಸ್. ಆ ಶಿಕ್ಷಕಿಯ ಮಾತು ಹೀಗೆ ಬರಬಹುದು:

"ಪ್ರಭುವೇ, ಜನವರಿಯ ಆ ರಾತ್ರಿ ರಿಕ್ಷಾ ತಂದು ನಿಲ್ಲಿಸಿದವನು ನೀನೇ ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಅಮ್ಮನ ಕಣ್ಣಿಗೆ, ಬಿಡಿಸಿಕೊಂಡ ಬಳೆಗೆ, ಮಗಳ ಭಾನುವಾರದ ಫೋನಿಗೆ ನಿನಗೆ ವಂದನೆ. ಮೇ ತಿಂಗಳು ನನಗೆ ನೆನಪಿಲ್ಲ, ನಿನಗಿದೆಯಲ್ಲ. ಆ ಹುಡುಗನ ಅಪ್ಪನ ಮಾತು ನಾನು ಎತ್ತಬಾರದಿತ್ತು. ಸಿಟ್ಟಿನಲ್ಲಿ ಅಲ್ಲ, ಉಳಿದವರು ನಗಲಿ ಅಂತಲೇ ಎತ್ತಿದೆ. ತೆನೆಯನ್ನು ಬೇಕೆಂದೇ ಕಳಿಸಲಿಲ್ಲ. ಕ್ಷಮಿಸು. ವರ್ಗಾವಣೆ ಯಾಕೆ ಆಗಲಿಲ್ಲ ಅಂತ ನನಗೆ ಇನ್ನೂ ಸಿಟ್ಟಿದೆ, ಅದನ್ನೂ ಇಲ್ಲೇ ಇಡುತ್ತೇನೆ. ಬರುವ ವರ್ಷ ಅಮ್ಮನನ್ನು ನಡೆದಾಡುವಂತೆ ಇಡು. ತಮ್ಮ ಫೋನ್ ಎತ್ತುವ ಹಾಗೆ ಮಾಡು, ಎತ್ತದಿದ್ದರೆ ಮತ್ತೊಮ್ಮೆ ಮಾಡುವ ಮನಸ್ಸು ನನಗೆ ಕೊಡು. ಆಮೆನ್."

ಕೊನೆಯಲ್ಲಿ ಬರುವ ಬೇಡಿಕೆಗಳನ್ನು ಗಮನಿಸಿದರೆ ಕೆಲವು ಅವರ ಕೈಯಲ್ಲಿಲ್ಲ, ಕೆಲವು ಅವರ ಕೈಯಲ್ಲೇ ಇವೆ. ತಮ್ಮ ಫೋನ್ ಎತ್ತುವುದು ಅವನಿಗೆ ಬಿಟ್ಟದ್ದು, ಮಾಡುವುದು ಇವರಿಗೆ. ಹಾರೈಕೆಯನ್ನು ಹೀಗೆ ಎರಡಾಗಿ ಸೀಳದೆ 'ಸಂಬಂಧ ಸರಿಹೋಗಲಿ' ಎಂದಷ್ಟೇ ಬೇಡಿದರೆ ವರ್ಷವಿಡೀ ಕಾಯುವುದೊಂದೇ ಕೆಲಸವಾಗುತ್ತದೆ.

ಎಷ್ಟು ಹೊತ್ತು ಕೂರಬೇಕು? ಧ್ಯಾನಕ್ಕೆ ಇಗ್ನೇಷಿಯಸ್ ಹೇಳುವುದು ಪೂರಾ ಒಂದು ಗಂಟೆ. ಮನಸ್ಸು ಒಣಗಿ, ಎದ್ದುಬಿಡೋಣ ಅನ್ನಿಸಿದ ದಿನ ಒಂದು ಗಂಟೆಗಿಂತ ತುಸು ಹೆಚ್ಚೇ ಕೂರಬೇಕು ಎಂಬ ಹಟದ ಸಲಹೆಯೂ ಅವರದೇ. ಹಿತವಾಗಿದ್ದಾಗ ಗಂಟೆ ತುಂಬಿಸುವುದು ಸುಲಭ, ಬೇಸರವಾದಾಗಲೇ ಮೊಟಕು ಮಾಡುವ ಆಸೆ ಬರುವುದು ಎಂಬುದು ಅವರು ಕೊಡುವ ಕಾರಣ. ಮುಗಿದ ಮೇಲೆ ಇನ್ನೊಂದು ಕಾಲು ಗಂಟೆ, ಕೂತೋ ಅಡ್ಡಾಡುತ್ತಲೋ, ಪ್ರಾರ್ಥನೆ ಹೇಗೆ ನಡೆಯಿತು ಎಂದು ನೋಡಬೇಕು: ಎಲ್ಲಿ ಮನಸ್ಸು ನಿಂತಿತು, ಎಲ್ಲಿ ಓಡಿತು, ಕೆಟ್ಟಿದ್ದರೆ ಏಕೆ ಕೆಟ್ಟಿತು. ಶಿಕ್ಷಕಿ ಅಂಗಳದಲ್ಲಿ ಅಡ್ಡಾಡುತ್ತ ಇದನ್ನು ಮಾಡಿ ಒಳಗೆ ಬಂದು, ಹೊಸ ಕ್ಯಾಲೆಂಡರಿನ ಜನವರಿ ಹಾಳೆಯಲ್ಲಿ ಮೂರು ಗುರುತು ಹಾಕುತ್ತಾರೆ. ಒಂದನೇ ತಾರೀಖಿಗೆ 'ರಿಕ್ಷಾ ಬಾಡಿಗೆ', ನಾಲ್ಕಕ್ಕೆ ತಮ್ಮನ ಹೆಸರು, ಮೂವತ್ತೊಂದಕ್ಕೆ ಚುಕ್ಕಿಗಳನ್ನು ಎಣಿಸಲು ಒಂದು ಗೆರೆ. ಹುಡುಗನ ಹೆಸರನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆಯುವಂತಿಲ್ಲ. ಅದನ್ನು ಶಾಲೆಯ ಪಾಠದ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ.